ಅತ್ತೆ ಬರೆದ ಚೀನಿ ವಂಶವೃಕ್ಷ: ಅಜ್ಜಿಯೇ ಮಗನಿಗಿಂತ ಎರಡು ವರ್ಷ ಚಿಕ್ಕವರು!

ಮೈಸೂರು ಟು ಕೆಎಲ್
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಮದುವೆಯಾಗಿ ಕ್ವಾಲಾಲಂಪುರಕ್ಕೆ ಬಂದು 6 ವರ್ಷ ಆಯಿತು. ನಮ್ಮವರು ಮಲೇಷ್ಯಾದ ಚೀನಿಯರು, ಮನೆಯಲ್ಲಿ ಕ್ಯಾಂಟನೀಸ್ ಮಾತಾಡುತ್ತಾರೆ. ಮಗಳ ಮೊದಲ ಹುಟ್ಟುಹಬ್ಬಕ್ಕೆ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಅವರಿಗೆ ಅರ್ಥವಾಗಲಿ ಅಂತ ಈ ಮನೆಯ ವಂಶವೃಕ್ಷವನ್ನು ಕನ್ನಡದಲ್ಲಿ ಬರೆಸಿ ಚೌಕಟ್ಟು ಹಾಕಿಸೋಣ ಅಂದುಕೊಂಡೆ.

ನಮ್ಮತ್ತೆ ಖುಷಿಯಿಂದ ಒಂದು ದೊಡ್ಡ ಹಾಳೆಯಲ್ಲಿ ಕೈಯಾರೆ ಬರೆದುಕೊಟ್ಟರು. ಸುಮಾರು 40 ಹೆಸರು, ಪಕ್ಕದಲ್ಲಿ ಸಂಬಂಧ, ಹುಟ್ಟಿದ ವರ್ಷ. ಗೆರೆಗಳನ್ನು ಮಾತ್ರ ಎಳೆದಿಲ್ಲ, ಗುಂಪು ಗುಂಪಾಗಿ ಬರೆದಿದ್ದಾರೆ. ಗಂಡ ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಚೀನಿ ಅಕ್ಷರ ಓದಲು ಬರುವುದಿಲ್ಲ. ಹಾಗಾಗಿ ಮ್ಯಾಂಡರಿನ್ ಬಲ್ಲ ಒಬ್ಬ ಅನುವಾದಕರಿಗೆ ದುಡ್ಡು ಕೊಟ್ಟು ಕನ್ನಡಕ್ಕೆ ಮಾಡಿಸಿದೆ. ಗೆರೆಗಳನ್ನೂ ಅವರೇ ಎಳೆದರು.

ಈಗ ನೋಡಿದರೆ ಅತ್ತೆಯ ಅಪ್ಪ ಹುಟ್ಟಿದ್ದು 1924. ಅವರ ತಾಯಿ ಅಂತ ತೋರಿಸಿರುವ ಹೆಂಗಸು ಹುಟ್ಟಿದ್ದು 1926! ಇನ್ನೊಂದು ಕಡೆ, ಅತ್ತೆಯ ಅತ್ತೆ ಅಂತ ಬರೆದಿರುವವರು ಹುಟ್ಟಿದ್ದು 1905. ಮಾವ ಹುಟ್ಟಿದ್ದು 1949. ಅಂದರೆ 44ನೇ ವಯಸ್ಸಿಗೆ ಹೆತ್ತರಾ? ಅತ್ತೆ ವರ್ಷ ತಪ್ಪು ಬರೆದರೋ, ಅನುವಾದ ತಪ್ಪೋ? ಅತ್ತೆಯನ್ನು ಕೇಳಿದರೆ "ವರ್ಷ ಎಲ್ಲಾ ಸರಿ ಇದೆ" ಅಂತ ಸ್ವಲ್ಪ ಸಿಟ್ಟಾದರು. ಶುಕ್ರವಾರದೊಳಗೆ ಪ್ರಿಂಟಿಗೆ ಕೊಡಬೇಕು.

ನಂಜನಗೂಡು ನಂಜ
ಮೇಡಂ, ವಂಶವೃಕ್ಷ ಪ್ರಮಾಣಪತ್ರ ನಾಡಕಚೇರಿಯಲ್ಲಿ ಕೊಡ್ತಾರೆ. ಆಧಾರ್ ಕಾರ್ಡು, ಅಫಿಡವಿಟ್ಟು ತಗೊಂಡು ಹೋಗಿ. ಹೊರಗಿನವರ ಹತ್ತಿರ ದುಡ್ಡು ಕೊಟ್ಟು ಯಾಕೆ ಮಾಡಿಸಿದ್ರಿ?

ಕುಡ್ಲದ ಬಂಗುಡೆ
ನಂಜಣ್ಣ, ಅವರು ಮಲೇಷ್ಯಾದಲ್ಲಿ ಇದ್ದಾರೆ ಮಾರಾಯ್ರೆ. ಓದಿ ಬರೀರಿ.

ಚೀನಿ ಕಲಿಯುವ ಹುಡುಗ
ನಾನು ಎರಡು ವರ್ಷದಿಂದ ಮ್ಯಾಂಡರಿನ್ ಕಲಿಯುತ್ತಿದ್ದೇನೆ. ಆ 1926ರ ಹೆಂಗಸಿನ ಪಕ್ಕ ಅತ್ತೆ ಏನು ಬರೆದಿದ್ದಾರೆ? "ನಾಯ್‌ನಾಯ್" ಅಂತ ಇದ್ದರೆ ಅಪ್ಪನ ತಾಯಿ, ಅದರಲ್ಲಿ ಅನುಮಾನವೇ ಇಲ್ಲ. ಮೊದಲ ವರ್ಷದ ಪಾಠದಲ್ಲೇ ಬರುತ್ತದೆ. "ಪೋಪೋ" ಅಂತ ಇದ್ದರೆ ಗಂಡನ ತಾಯಿ. ಅನುವಾದಕರು ಸರಿಯಾಗೇ ಮಾಡಿದ್ದಾರೆ. ನಿಮ್ಮತ್ತೆಗೆ ವರ್ಷ ಮರೆತಿರಬೇಕು, ವಯಸ್ಸಾಗಿದೆ ಅಲ್ವಾ?

ಮೈಸೂರು ಟು ಕೆಎಲ್
ಗಂಡ ಗೂಗಲ್ ಲೆನ್ಸ್ ಹಿಡಿದು ಓದಿಸಿದರು. ನೀವು ಹೇಳಿದ ಹಾಗೆಯೇ ಇದೆ. 1926ರವರಿಗೆ ನಾಯ್‌ನಾಯ್, 1905ರವರಿಗೆ ಪೋಪೋ. ಆದರೆ ನಮ್ಮತ್ತೆಗೆ ವರ್ಷ ಮರೆಯುವುದಿಲ್ಲ. ನನ್ನ ಮದುವೆಯ ಸೀರೆಯ ಬೆಲೆ ಇವತ್ತಿಗೂ ಹೇಳುತ್ತಾರೆ.

ಗುವಾಂಗ್‌ಝೌ ರಾಯರು
ಅತ್ತೆಯನ್ನು ದೂರಬೇಡಿ, ಅವರು ಸರಿ. ನಾನು ಬಟ್ಟೆ ವ್ಯಾಪಾರಕ್ಕೆ ಅಂತ ಗುವಾಂಗ್‌ಝೌನಲ್ಲಿ 11 ವರ್ಷ ಇದ್ದವನು. ಈ ಹಳ್ಳಕ್ಕೆ ನಾನೂ ಒಮ್ಮೆ ಬಿದ್ದಿದ್ದೇನೆ.

ಮ್ಯಾಂಡರಿನ್‌ನಲ್ಲಿ ನಾಯ್‌ನಾಯ್ ಅಂದರೆ ಅಪ್ಪನ ತಾಯಿ. ಕ್ಯಾಂಟನೀಸ್‌ನಲ್ಲಿ ಅದೇ ಅಕ್ಷರಗಳು ಗಂಡನ ತಾಯಿ, ಅಂದರೆ ಸೊಸೆ ಅತ್ತೆಯನ್ನು ಕರೆಯುವ ಮಾತು. ಮ್ಯಾಂಡರಿನ್‌ನಲ್ಲಿ ಪೋಪೋ ಅಂದರೆ ಗಂಡನ ತಾಯಿ. ಕ್ಯಾಂಟನೀಸ್‌ನಲ್ಲಿ ಅದೇ ಅಕ್ಷರಗಳು ಅಮ್ಮನ ತಾಯಿ. ಬರೆಯುವ ಅಕ್ಷರ ಒಂದೇ, ಅರ್ಥ ಅದಲು ಬದಲು. ಓದುವವನಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಎರಡೂ ಅವನಿಗೆ ಗೊತ್ತಿರುವ ಮಾತುಗಳೇ. ಗೊತ್ತಿಲ್ಲದ ಪದ ಬಂದಿದ್ದರೆ ನಿಂತು ಕೇಳುತ್ತಿದ್ದ.

ಈಗ ನಿಮ್ಮ ಹಾಳೆಗೆ ಕೂಡಿಸಿ ನೋಡಿ. 1926ರವರು ನಿಮ್ಮತ್ತೆಯ ಅತ್ತೆ. 1949ರಲ್ಲಿ ನಿಮ್ಮ ಮಾವನನ್ನು ಹೆತ್ತಾಗ ಅವರಿಗೆ 23. 1905ರವರು ನಿಮ್ಮತ್ತೆಯ ತಾಯಿಯ ತಾಯಿ. ಅತ್ತೆಯ ತಾಯಿ ಹುಟ್ಟಿದ್ದು ಯಾವಾಗ?

ಮೈಸೂರು ಟು ಕೆಎಲ್
1928!! ಆಗ ಪೋಪೋಗೂ 23. ಎಲ್ಲಾ ಕೂಡಿ ಬಂತು. ಸರ್, ನಿಮಗೆ ಒಂದು ಮಸಾಲೆ ದೋಸೆ ಬಾಕಿ.

ಚೀನಿ ಕಲಿಯುವ ಹುಡುಗ
ಸರಿ, ಕ್ಯಾಂಟನೀಸ್ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಒಂದು ಪ್ರಶ್ನೆ. ನಾಯ್‌ನಾಯ್ ಅಂದರೆ ಅಪ್ಪನ ತಾಯಿ ಅಂತಲೇ ಇಟ್ಟುಕೊಂಡು, ಇವರ ಗಂಡನ ಕಡೆಯಿಂದ ನೋಡಿದರೆ? ಆ 1926ರ ಅಜ್ಜಿ ಇವರ ಗಂಡನಿಗೆ ಅಪ್ಪನ ತಾಯಿಯೇ ಆಗ್ತಾರಲ್ಲ. ಹಾಗಾದರೆ ಅನುವಾದ ತಪ್ಪಲ್ಲ.

ಗುವಾಂಗ್‌ಝೌ ರಾಯರು
ಚೆನ್ನಾಗಿ ಹಿಡಿದಿರಿ. ಮಾತು ಅದೃಷ್ಟಕ್ಕೆ ಸರಿ ಬರುತ್ತದೆ, ಗೆರೆ ಸರಿ ಬರುವುದಿಲ್ಲ. ಅನುವಾದಕರು "ಬರೆದವರು ಅತ್ತೆ, ಆದ್ದರಿಂದ ಇದು ಅತ್ತೆಯ ಅಪ್ಪನ ತಾಯಿ" ಅಂತ ಗೆರೆ ಎಳೆದರು. ಅದಕ್ಕೇ 1924ರ ಮಗನಿಗೆ 1926ರ ತಾಯಿ ಬಂದದ್ದು. ಇಂಥ ಹಾಳೆ ಕೈಗೆ ಬಂದಾಗ ನಾನು ಮೊದಲು ಕೇಳುವುದು ಒಂದೇ: ಈ ಮಾತು ಯಾರ ಬಾಯಿಂದ ಬಂದದ್ದು? ಅದು ತಿಳಿಯದೆ ಒಂದು ಸಂಬಂಧವನ್ನೂ ಕನ್ನಡಕ್ಕೆ ತರಲು ಹೋಗಬಾರದು.

ಮೇಡಂ, ಮಾವನ ಅಕ್ಕ ತಂಗಿಯರು ಇದ್ದಾರಾ? ಅವರ ಪಕ್ಕ ಏನಿದೆ?

ಮೈಸೂರು ಟು ಕೆಎಲ್
ಒಬ್ಬರು ಇದ್ದಾರೆ. "ಗೂ ಜೆ" ಅಂತ ಇದೆ. ಅನುವಾದಕರು "ಅಪ್ಪನ ಅಕ್ಕ, ದೊಡ್ಡ ಸೋದರತ್ತೆ" ಅಂತ ಮಾಡಿದ್ದಾರೆ. ಹುಟ್ಟಿದ್ದು 1955. ಮಾವ 1949. ಅಯ್ಯೋ, ಇದೂ ಉಲ್ಟಾ ಅಲ್ವಾ?

ಗುವಾಂಗ್‌ಝೌ ರಾಯರು
ಹೌದು, ಇದೂ ಕ್ಯಾಂಟನೀಸ್. "ಜೆ" ಅಕ್ಷರದ ಅರ್ಥ ಅಕ್ಕ ಅಂತಲೇ. ಆದರೂ ಗೂ ಜೆ ಅಂದರೆ ಅಪ್ಪನ ತಂಗಿ. ಅಪ್ಪನ ಅಕ್ಕನಿಗೆ ಗೂ ಮಾ ಅನ್ನುತ್ತಾರೆ. ಅಕ್ಷರ ಬಿಡಿಸಿ ಅರ್ಥ ಮಾಡಿದರೆ ಹೀಗೇ ಆಗುವುದು.

ಇನ್ನೂ ಒಂದು ವಿಷಯ ನೋಡಿ. ನಿಮ್ಮತ್ತೆಗೆ ಅವರು ಗಂಡನ ತಂಗಿ, ಅಂದರೆ ನಾದಿನಿ. ಕ್ಯಾಂಟನೀಸ್‌ನಲ್ಲಿ ಅದಕ್ಕೆ "ಗೂ ಚಾಯ್" ಅಂತ ಬೇರೆ ಮಾತೇ ಇದೆ. ಆದರೆ ಅವರು ಬರೆದಿರುವುದು ಗೂ ಜೆ. ಅದು ನಿಮ್ಮ ಗಂಡ ಕರೆಯುವ ಮಾತು. ಅಂದರೆ ಅತ್ತೆ ಹಿರಿಯರನ್ನು ತಮ್ಮ ಬಾಯಿಂದ ಬರೆದಿದ್ದಾರೆ, ಗಂಡನ ಒಡಹುಟ್ಟಿದವರನ್ನು ಮಕ್ಕಳ ಬಾಯಿಂದ ಬರೆದಿದ್ದಾರೆ. ಒಂದೇ ಹಾಳೆಯಲ್ಲಿ ಇಬ್ಬರು ಮಾತಾಡುತ್ತಿದ್ದಾರೆ.

ವನಜಾ ಟೀಚರ್
ಇದು ನಮ್ಮಲ್ಲೂ ಉಂಟಲ್ಲ! ನಾನು ನನ್ನ ಸ್ವಂತ ತಮ್ಮನನ್ನು "ಮಾಮ ಬಂದ್ರು ನೋಡು" ಅಂತ ಕರೆದೂ ಕರೆದೂ ಈಗ ಅವನ ಹೆಸರೇ ಬಾಯಿಗೆ ಬರುವುದಿಲ್ಲ. ಫೋನಿನಲ್ಲೂ "ಮಾಮ" ಅಂತಲೇ ಸೇವ್ ಮಾಡಿದ್ದೇನೆ. ನನ್ನ ಫೋನು ನೋಡಿ ಯಾರಾದರೂ ವಂಶವೃಕ್ಷ ಬರೆದರೆ ನನ್ನ ತಮ್ಮ ನನ್ನ ಅಮ್ಮನ ತಮ್ಮ ಆಗಿಬಿಡುತ್ತಾನೆ.

ಧಾರವಾಡ ಕಾಕಾ
ನಮ್ಮ ಕಡೆ ಅಜ್ಜಗ ಮುತ್ಯಾ ಅಂತಾರ. ಮೈಸೂರಿನ ಬೀಗರು ಅದನ್ನ ಕೇಳಿ ಮುತ್ತಜ್ಜ ಅಂದ್ಕೊಂಡು, "ಇನ್ನೂ ಬದುಕ್ಯಾರೇನು, ಎಷ್ಟು ವಯಸ್ಸು?" ಅಂತ ಕೈ ಮುಗಿದಿದ್ರು. ಅವರಿಗೆ ಆಗ 66 ಅಷ್ಟ. ಚೀನಾ ತನಕ ಯಾಕ ಹೋಗ್ಬೇಕು?

ಚೀನಿ ಕಲಿಯುವ ಹುಡುಗ
ಇದೇ ಜಗಳ ಶಾಂಘೈನಲ್ಲಿ 2018ರಲ್ಲಿ ಆಗಿತ್ತು. ಎರಡನೇ ತರಗತಿಯ ಪಠ್ಯದಲ್ಲಿ ಅಮ್ಮನ ತಾಯಿಗೆ "ವೈಪೋ" ಅಂತ ಇದ್ದದ್ದನ್ನು ತೆಗೆದು ಉತ್ತರದ ಕಡೆಯ "ಲಾವ್‌ಲಾವ್" ಹಾಕಿದರು. ನಮ್ಮ ಅಜ್ಜಿಯನ್ನು ನಾವು ಹೇಗೆ ಕರೆಯಬೇಕು ಅಂತ ನೀವು ಹೇಳಬೇಡಿ ಅಂತ ಜನ ರೇಗಿದರು. ಕೊನೆಗೆ ವೈಪೋ ವಾಪಸ್ ಬಂತು.

ಮೈಸೂರು ಟು ಕೆಎಲ್
ಕ್ಯಾಂಟನೀಸ್‌ನಲ್ಲಿ ಅಪ್ಪನ ತಾಯಿ "ಮಾಮಾ" ಅಂತೆ! ಮಗಳು ನಮ್ಮತ್ತೆಯನ್ನು ಮಾಮಾ ಅಂತ ಕರೆಯುತ್ತಾಳೆ. ವಿಡಿಯೋ ಕಾಲ್‌ನಲ್ಲಿ ಕೇಳಿಸಿಕೊಂಡ ನನ್ನ ತಮ್ಮ "ನನ್ನನ್ನೇ ಕರೀತಾ ಇದ್ದಾಳೆ" ಅಂತ ಕುಣಿದಾಡಿದ. ಪಾಪ, ಹೇಳಲು ಮನಸ್ಸಾಗಲಿಲ್ಲ.

ಈಗ ಇನ್ನೊಂದು ದೊಡ್ಡ ತಲೆನೋವು. ಅಮ್ಮನಿಗೆ ಹಾಳೆಯ ಫೋಟೊ ಕಳಿಸಿದ್ದೆ. ನಿನ್ನೆ ರಾತ್ರಿ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದರು: "ಅವರಲ್ಲಿ ತಂಗಿಯನ್ನೇ ಮದುವೆ ಆಗ್ತಾರಾ?" ನೋಡಿದರೆ ಅತ್ತೆಯ ಸೋದರಮಾವ ಒಬ್ಬರು, 1930ರಲ್ಲಿ ಹುಟ್ಟಿದವರು, 1953ರಲ್ಲಿ ಇಪೋದಲ್ಲಿ ಮದುವೆ. ಹೆಂಡತಿಯ ಹೆಸರಿನ ಪಕ್ಕ ಅನುವಾದಕರು "ತಂಗಿ, ತಾಯಿಯ ಅಕ್ಕನ ಮಗಳು" ಅಂತ ಹಾಕಿದ್ದಾರೆ. ಮೂಲದಲ್ಲಿ "ಯೀ ಬ್ಯೂ ಮುಯ್" ಅಂತ ಏನೋ ಇದೆ. ಇದಾದರೂ ತಪ್ಪು ಅಂತ ಹೇಳಿ ಪ್ಲೀಸ್.

ಗುವಾಂಗ್‌ಝೌ ರಾಯರು
ಕ್ಷಮಿಸಿ, ಇದು ಸರಿ ಇದೆ. ಮ್ಯಾಂಡರಿನ್‌ನಲ್ಲಿ ಹೇಳುವುದಾದರೆ ಯೀ ಬಿಯಾವೊ ಮೇಯ್. ತಾಯಿಯ ಅಕ್ಕನೋ ತಂಗಿಯೋ ಒಬ್ಬರ ಮಗಳು, ಇವರಿಗಿಂತ ಚಿಕ್ಕವಳು.

ಇಲ್ಲಿ ತಾಳ್ಮೆಯಿಂದ ನೋಡಬೇಕು. ಕನ್ನಡ ಮತ್ತು ಚೀನಿ ಸಂಬಂಧಗಳು ಬಹಳ ಕಡೆ ಜೋಡಿಯಾಗಿ ಬರುತ್ತವೆ, ಇಂಗ್ಲಿಷಿಗಿಂತ ಎಷ್ಟೋ ವಾಸಿ. ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ಎಲ್ಲಕ್ಕೂ ಅಲ್ಲಿ ಬೇರೆ ಬೇರೆ ಮಾತಿದೆ. ಅದೇ ಧೈರ್ಯದಲ್ಲಿ ಮುಂದೆ ಹೋದರೆ ಅವರ ಮಕ್ಕಳ ಹತ್ತಿರ ಬಂದಾಗ ಕಾಲು ಜಾರುತ್ತದೆ.

ನಾವು ಮಕ್ಕಳನ್ನು ಎರಡು ಗುಂಪು ಮಾಡುತ್ತೇವೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಎಲ್ಲಾ ಅಣ್ಣ ತಮ್ಮ ಅಕ್ಕ ತಂಗಿ. ಸೋದರತ್ತೆ, ಸೋದರಮಾವನ ಮಕ್ಕಳು ಬೇರೆ, ಅವರ ಜೊತೆ ಮದುವೆ ಆಗಬಹುದು. ಚೀನಿಯರೂ ಎರಡೇ ಗುಂಪು ಮಾಡುತ್ತಾರೆ, ಆದರೆ ಬೇಲಿ ಹಾಕುವ ಜಾಗ ಬೇರೆ. ಅಪ್ಪನ ಅಣ್ಣ ತಮ್ಮಂದಿರ ಮಕ್ಕಳು ಮಾತ್ರ "ತಾಂಗ್", ಅಂದರೆ ಒಂದೇ ಮನೆಯ ಪಡಸಾಲೆಯವರು. ಉಳಿದವರೆಲ್ಲ, ಅಂದರೆ ಸೋದರತ್ತೆ, ಸೋದರಮಾವ, ಅಮ್ಮನ ಅಕ್ಕ ತಂಗಿ ಈ ಮೂವರ ಮಕ್ಕಳೂ "ಬಿಯಾವೊ", ಹೊರಗಿನವರು. ಅವರಿಗೆ ಮುಖ್ಯ ಮನೆತನದ ಹೆಸರು. ತಾಂಗ್ ಅಂದರೆ ನಿಮ್ಮದೇ ಮನೆತನ, ಅಲ್ಲಿ ಮದುವೆಯ ಮಾತೇ ಇಲ್ಲ. ಬಿಯಾವೊ ಅಂದರೆ ಬೇರೆ ಮನೆತನ, ಹಳೆಯ ಕಾಲದಲ್ಲಿ ಮದುವೆಗೆ ಅಡ್ಡಿ ಇರಲಿಲ್ಲ.

ನಿಮ್ಮ ಅಮ್ಮನಿಗೆ ಹೀಗೆ ಹೇಳಿ: ನಮ್ಮಲ್ಲಿ ಸಗೋತ್ರ ಹೇಗೋ, ಅಲ್ಲಿ ಒಂದೇ ಮನೆತನದ ಹೆಸರು ಹಾಗೆ. ಚಿಕ್ಕಮ್ಮನ ಮಗಳು ಅವರಿಗೆ "ಬೇರೆ ಗೋತ್ರ". ಅದಕ್ಕೇ ಆ ಮದುವೆ ಆಯಿತು.

ಕುಡ್ಲದ ಬಂಗುಡೆ
ಆದರೂ ಚಿಕ್ಕಮ್ಮನ ಮಗಳು ಅಂದರೆ ತಂಗಿಯೇ ಅಲ್ವಾ. ಕೇಳಲಿಕ್ಕೇ ಒಂಥರಾ ಆಗ್ತದೆ.

ಸಿಂಗಪುರ ಸೀನ
ಒಂಥರಾ ಆಗುವುದು ಅವರಿಗೂ ಅಷ್ಟೇ. ನನ್ನ ಆಫೀಸಿನ ಚೀನಿ ಗೆಳೆಯನಿಗೆ ನಮ್ಮ ಅಜ್ಜ ಅಕ್ಕನ ಮಗಳನ್ನೇ ಮದುವೆಯಾಗಿದ್ದರು ಅಂತ ಹೇಳಿದೆ. ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. ನಾವು ಸಹಜ ಅನ್ನುವುದು ಅವರಿಗೆ ಅಸಹ್ಯ, ಅವರು ಸಹಜ ಅನ್ನುವುದು ನಮಗೆ.

ಚೀನಿ ಕಲಿಯುವ ಹುಡುಗ
ಆದರೆ ಚೀನಾದಲ್ಲಿ ಇಂಥ ಮದುವೆಗೆ ಕಾನೂನಿನ ನಿಷೇಧ ಇದೆ. 1980ರ ಮದುವೆ ಕಾಯ್ದೆಯಲ್ಲಿ ಬಂದದ್ದು, 1981ರ ಜನವರಿ 1ರಿಂದ ಜಾರಿ. ಬಿಯಾವೊ ಆದರೂ ಅಷ್ಟೇ, ತಾಂಗ್ ಆದರೂ ಅಷ್ಟೇ, ಅಪ್ಪ ಅಮ್ಮನ ಒಡಹುಟ್ಟಿದವರ ಮಕ್ಕಳನ್ನು ಮದುವೆಯಾಗುವ ಹಾಗಿಲ್ಲ. ಹಾಗಾಗಿ ಈ ಹಾಳೆಯಲ್ಲಿ ಏನೋ ತಪ್ಪಿದೆ ಅಂತ ನನಗೆ ಇನ್ನೂ ಅನುಮಾನ.

ಗುವಾಂಗ್‌ಝೌ ರಾಯರು
ನಿಷೇಧ ಇರುವುದು ನಿಜ. ಆದರೆ ಇವರ ಮದುವೆ ಆದದ್ದು 1953ರಲ್ಲಿ, ಅದೂ ಬ್ರಿಟಿಷರ ಕೈಯಲ್ಲಿದ್ದ ಮಲಯಾದಲ್ಲಿ. ಚೀನಾದ ಕಾಯ್ದೆ ಅಲ್ಲಿಗೆ ಯಾಕೆ ಬರುತ್ತದೆ? ಚೀನಾದಲ್ಲೇ ಆಗಿದ್ದರೂ 1950ರ ಕಾಯ್ದೆ ಇಂಥ ಮದುವೆಗಳನ್ನು ಆಯಾ ಊರಿನ ರೂಢಿಗೆ ಬಿಟ್ಟಿತ್ತು.

ಪದಹುಳ
ಒಂದು ಮಜಾ ಹೇಳಲಾ? ನಾವು ಅಮ್ಮನ ಅಣ್ಣನನ್ನೂ ಗಂಡನ ಅಪ್ಪನನ್ನೂ ಮಾವ ಅನ್ನುತ್ತೇವೆ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಹಳೆಯ ಚೀನಿಯಲ್ಲೂ ಹಾಗೇ ಇತ್ತು! "ಅರ್‌ಯಾ" ಅಂತ ಅವರ ಬಹಳ ಹಳೆಯ ನಿಘಂಟು ಇದೆ, ಅದರಲ್ಲಿ ಸಂಬಂಧಗಳದ್ದೇ ಒಂದು ಭಾಗ. ಹೆಂಡತಿ ಗಂಡನ ಅಪ್ಪನನ್ನು "ಜಿಯೂ" ಅನ್ನುತ್ತಾಳೆ, ಗಂಡನ ತಾಯಿಯನ್ನು "ಗೂ" ಅನ್ನುತ್ತಾಳೆ ಅಂತ ಅಲ್ಲಿದೆ. ಜಿಯೂ ಅಂದರೆ ಇವತ್ತು ಸೋದರಮಾವ, ಗೂ ಅಂದರೆ ಸೋದರತ್ತೆ. ಅಂದರೆ ಇದು ನಮ್ಮ ದ್ರಾವಿಡರಿಂದ ಅಲ್ಲಿಗೆ ಹೋದದ್ದು ಅಂತ ಕಾಣುತ್ತೆ.

ಗುವಾಂಗ್‌ಝೌ ರಾಯರು
ಕೊನೆಯ ಸಾಲು ಬಿಟ್ಟರೆ ಉಳಿದದ್ದೆಲ್ಲ ಸರಿ. ಸೋದರಮಾವನ ಮಗನನ್ನು ಮದುವೆಯಾದರೆ ಮಾವನೇ ಮಾವ ಆಗುತ್ತಾನೆ, ಅದಕ್ಕೆ ಯಾರ ಹತ್ತಿರವೂ ಸಾಲ ತರಬೇಕಾಗಿಲ್ಲ. ಎಲ್ಲಿ ಆ ರೂಢಿ ಇದೆಯೋ ಅಲ್ಲಿ ಆ ಮಾತು ತಾನೇ ಹುಟ್ಟುತ್ತದೆ.

ಪದಹುಳ
ಹಾಗಂತ ನೀವು ಹೇಳ್ತೀರಿ 🙂

ಮೈಸೂರು ಟು ಕೆಎಲ್
ಅಮ್ಮನಿಗೆ "ಬೇರೆ ಗೋತ್ರ" ಅಂದೆ, ತಕ್ಷಣ ಒಪ್ಪಿಕೊಂಡರು! ಆದರೆ ಕನ್ನಡದಲ್ಲಿ ಏನು ಬರೆಯಲಿ? ಆ ಹೆಂಗಸು ನಮ್ಮತ್ತೆಗೆ ಸೋದರಮಾವನ ಹೆಂಡತಿ, ಅಂದರೆ ಅತ್ತೆ. ಅವರ ಅಮ್ಮನ ಚಿಕ್ಕಮ್ಮನ ಮಗಳೂ ಹೌದು, ಅಂದರೆ ಅಮ್ಮನ ತಂಗಿ, ಅಂದರೆ ಚಿಕ್ಕಮ್ಮ. ಒಬ್ಬರೇ ಅತ್ತೆಯೂ ಚಿಕ್ಕಮ್ಮನೂ ಆಗಲು ನಮ್ಮಲ್ಲಿ ಸಾಧ್ಯವೇ ಇಲ್ಲ.

ವನಜಾ ಟೀಚರ್
ಅದಕ್ಕೇ ಸಂಬಂಧದ ಹೆಸರು ಬಿಟ್ಟು ದಾರಿ ಬರೆಯಿರಿ. "ಅಮ್ಮನ ತಮ್ಮನ ಹೆಂಡತಿ" ಅಂತ ಬರೆದರೆ ಯಾರಿಗೂ ಗೊಂದಲವಿಲ್ಲ. ತಂಗಿ ಅನ್ನುವ ಮಾತೇ ಬೇಡ, "ತಾಯಿಯ ಕಡೆಯಿಂದ ನೆಂಟರು" ಅಂತ ಅಡಿಯಲ್ಲಿ ಒಂದು ಸಾಲು ಹಾಕಿ.

ಧಾರವಾಡ ಕಾಕಾ
ಟೀಚರ್, ಗೋಡೆ ಮ್ಯಾಲ ಹಾಕೋ ಫೋಟೊಕ್ಕ "ಅಪ್ಪನ ತಮ್ಮನ ಹೆಂಡತಿ" ಅಂತ ಬರದ್ರ ಜನಗಣತಿ ಪಟ್ಟಿ ಇದ್ದಂಗ ಕಾಣ್ತದ. ಚಿಕ್ಕಮ್ಮ ಅಂತ ಬರೀರಿ, ಪ್ರೀತಿ ಇರ್ತದ.

ಗುವಾಂಗ್‌ಝೌ ರಾಯರು
ಕಾಕಾ, ಚಿಕ್ಕಮ್ಮ ಅಂದರೆ ಅಮ್ಮನ ತಂಗಿಯೂ ಆಗುತ್ತಾಳೆ, ಚಿಕ್ಕಪ್ಪನ ಹೆಂಡತಿಯೂ ಆಗುತ್ತಾಳೆ. ಚೀನಿಯಲ್ಲಿ ಅವೆರಡಕ್ಕೂ ಬೇರೆ ಬೇರೆ ಮಾತು, ಒಂದು ಯೀ, ಒಂದು ಶೆನ್. ಮಾವ ಅನ್ನುವುದೂ ಹಾಗೇ. ಅಮ್ಮನ ತಮ್ಮನೂ ಮಾವ, ಸೋದರತ್ತೆಯ ಗಂಡನೂ ಮಾವ. ಮೂಲದಲ್ಲಿರುವ ವ್ಯತ್ಯಾಸ ಕನ್ನಡದಲ್ಲಿ ಕರಗಿ ಹೋಗುತ್ತದೆ. ಗೆರೆ ಸರಿಯಾಗಿ ಎಳೆದಿದ್ದರೆ ಕರಗಿದರೂ ನಷ್ಟವಿಲ್ಲ, ಗೆರೆಯೇ ಹೇಳುತ್ತದೆ. ಪಟ್ಟಿ ಮಾತ್ರ ಇದ್ದರೆ ಟೀಚರ್ ಹೇಳಿದ ಹಾಗೆ ದಾರಿ ಬರೆಯಬೇಕು.

ಆದರೆ ಮೊದಲು ಇಡೀ ಹಾಳೆಗೆ ಒಬ್ಬರನ್ನೇ ಆರಿಸಿಕೊಳ್ಳಿ. ಎಲ್ಲಾ ಸಂಬಂಧ ಅವರ ಬಾಯಿಂದಲೇ ಬರಲಿ.

ವನಜಾ ಟೀಚರ್
ಮಗುವಿನ ಹುಟ್ಟುಹಬ್ಬ ಅಲ್ವಾ, ಮಗುವನ್ನೇ ಆರಿಸಿ ಅನ್ನೋಣ ಅಂತಿದ್ದೆ. ಯೋಚಿಸಿದರೆ ಅದು ಆಗುವುದಿಲ್ಲ. ಅಪ್ಪನ ಸೋದರತ್ತೆಯೂ ಮಗುವಿಗೆ ಅಜ್ಜಿ, ಅಪ್ಪನ ಚಿಕ್ಕಮ್ಮನೂ ಅಜ್ಜಿ. ಅರ್ಧ ಹಾಳೆ ತುಂಬಾ ಅಜ್ಜಿಯರೇ ಕೂತಿರುತ್ತಾರೆ. ಗಂಡನನ್ನು ಆರಿಸಿ.

ಮೈಸೂರು ಟು ಕೆಎಲ್
ಗಂಡನೇ ಸರಿ. ಅವರ ಕಡೆಯಿಂದ ಮತ್ತೆ ಬರೆಯುತ್ತಾ ಕೂತೆ. ಎರಡು ಕಡೆ ಸಿಕ್ಕಿಹಾಕಿಕೊಂಡೆ.

ಒಂದು, "ಚಾತ್ ಸುಕ್" ಅಂತ ಒಬ್ಬರು ಇದ್ದಾರೆ, ಏಳನೇ ಚಿಕ್ಕಪ್ಪ. ಆದರೆ ಗಂಡನ ತಾತನಿಗೆ ಇದ್ದದ್ದೇ ನಾಲ್ಕು ಗಂಡುಮಕ್ಕಳು. ಉಳಿದ ಮೂವರು ಏನಾದರು ಅಂತ ನನ್ನ ಅಪ್ಪ ಬಹಳ ಮರುಗಿದರು. ಎರಡು, ಆ ಗೂ ಜೆ ಅವರ ಮಗನಿಗೆ "ಬ್ಯೂ" ಅಂತ ಇದೆ, ಆದರೆ ಅವನ ಮನೆತನವೂ ವೊಂಗ್, ನಮ್ಮದೂ ವೊಂಗ್. ಒಂದೇ ಹೆಸರಾದರೆ ತಾಂಗ್ ಆಗಬೇಕಲ್ಲ?

ಸಿಂಗಪುರ ಸೀನ
ಏಳನೇ ಚಿಕ್ಕಪ್ಪನ ಕಥೆ ನನ್ನ ಗೆಳೆಯನ ಮನೆಯಲ್ಲೂ ಇದೆ. ಕೆಲವು ಮನೆಗಳಲ್ಲಿ ತಾತನ ಮಕ್ಕಳನ್ನು ಮಾತ್ರ ಎಣಿಸುವುದಿಲ್ಲ. ತಾತನ ಅಣ್ಣ ತಮ್ಮಂದಿರ ಮಕ್ಕಳನ್ನೂ ಸೇರಿಸಿ ಹುಟ್ಟಿದ ಸರದಿಯಲ್ಲಿ ಒಂದೇ ಸಾಲು ಮಾಡುತ್ತಾರೆ. ಒಟ್ಟು ಕುಟುಂಬದ ಕಾಲದ ಅಭ್ಯಾಸ. ತಾತನ ತಮ್ಮನ ಮನೆಯ ಗುಂಪು ನೋಡಿ, ಐದನೆಯವರು ಆರನೆಯವರು ಅಲ್ಲಿರಬೇಕು. ಆದರೆ ಗಂಡುಮಕ್ಕಳನ್ನು ಮಾತ್ರ ಎಣಿಸುತ್ತಾರೆ, ಅದು ನೆನಪಿರಲಿ.

ಗುವಾಂಗ್‌ಝೌ ರಾಯರು
ಗಂಡುಮಕ್ಕಳನ್ನು ಮಾತ್ರ ಅನ್ನುವುದು ಎಲ್ಲಾ ಮನೆಗೂ ಅಲ್ಲ. ಹೆಣ್ಣು ಗಂಡು ಸೇರಿಸಿ ಎಣಿಸುವ ಮನೆಗಳನ್ನೂ ನೋಡಿದ್ದೇನೆ. ನಮ್ಮ ಗುವಾಂಗ್‌ಝೌ ಮನೆ ಮಾಲೀಕರಲ್ಲಿ "ನಾಲ್ಕನೇ ಅತ್ತೆ" ಇದ್ದರು, ಮೂರನೆಯವರು ಗಂಡಸು.

ವೊಂಗ್ ವಿಷಯಕ್ಕೆ ಬರೋಣ. ಪಾಸ್‌ಪೋರ್ಟಿನ ಸ್ಪೆಲ್ಲಿಂಗ್ ನಂಬಬೇಡಿ, ಅಕ್ಷರ ನೋಡಿ. ಕ್ಯಾಂಟನೀಸ್‌ನಲ್ಲಿ ಎರಡು ಬೇರೆ ಬೇರೆ ಮನೆತನಗಳು ವೊಂಗ್ ಆಗುತ್ತವೆ. ಒಂದು ಮ್ಯಾಂಡರಿನ್‌ನ ಹ್ವಾಂಗ್, ಅಕ್ಷರದ ಅರ್ಥ ಹಳದಿ. ಇನ್ನೊಂದು ವಾಂಗ್, ಅರ್ಥ ರಾಜ. ಹಳದಿಯದು ತುಂಬಾ ಗೆರೆಗಳಿರುವ ಅಕ್ಷರ. ರಾಜನದು ಸುಲಭ, ಮೂರು ಅಡ್ಡಗೆರೆ, ಮಧ್ಯೆ ಒಂದು ಉದ್ದಗೆರೆ.

ಮೈಸೂರು ಟು ಕೆಎಲ್
ಸರ್!! ನಮ್ಮದು ಗೆರೆ ತುಂಬಿದ ಅಕ್ಷರ. ಗೂ ಜೆ ಅವರ ಗಂಡನದು ಮೂರು ಅಡ್ಡಗೆರೆ. ಬ್ಯೂ ಸರಿ ಇದೆ. ಮದುವೆಯಾಗಿ ಆರು ವರ್ಷ, ಇಬ್ಬರೂ ಒಂದೇ ಮನೆತನ ಅಂದುಕೊಂಡಿದ್ದೆ. ಗಂಡನೂ ಹಾಗೇ ಅಂದುಕೊಂಡಿದ್ದರು, ಅದು ಇನ್ನೂ ನಾಚಿಕೆಗೇಡು.

ಐದನೆಯವರು, ಆರನೆಯವರು ತಾತನ ತಮ್ಮನ ಮಕ್ಕಳಲ್ಲಿ ಸಿಕ್ಕರು. ಆದರೆ ಸಾಲಿನಲ್ಲಿ ಎರಡನೆಯವರು ಎಲ್ಲೂ ಇಲ್ಲ. ಅದು ಹೆಣ್ಣಾ, ತೀರಿಹೋದ ಮಗುವಾ, ಅತ್ತೆಗೂ ಗೊತ್ತಿಲ್ಲ. ಖಾಲಿ ಬಿಡುತ್ತೇನೆ.

ನಂಜನಗೂಡು ನಂಜ
ಮೇಡಂ, ಹಾಗಾದ್ರೆ ಆಸ್ತಿ ಪಾಲಿಗೆ ಇದು ನಡೆಯಲ್ಲ ಬಿಡಿ.

ಕುಡ್ಲದ ಬಂಗುಡೆ
ನಂಜಣ್ಣ 🙏

ಮೈಸೂರು ಟು ಕೆಎಲ್
ಕೊನೆಯದು ಒಂದು. ಪೋಪೋ ಪಕ್ಕದಲ್ಲಿ "ಸೈ ಪೋ" ಅಂತ ಇನ್ನೊಬ್ಬರು, 1912ರಲ್ಲಿ ಹುಟ್ಟಿದವರು. ಅನುವಾದಕರು "ಕಿರಿಯ ಅತ್ತೆ" ಅಂದಿದ್ದಾರೆ. ಪೋಪೋ ಅಂದರೆ ಅಮ್ಮನ ತಾಯಿ ಅಂತ ಈಗ ಗೊತ್ತಾಯಿತಲ್ಲ, ಹಾಗಾದರೆ ಇವರು ಚಿಕ್ಕಜ್ಜಿ, ಪೋಪೋನ ತಂಗಿ. ಸರಿ ತಾನೇ?

ಗುವಾಂಗ್‌ಝೌ ರಾಯರು
ಸೈ ಅಂದರೆ ಚಿಕ್ಕ, ಅಷ್ಟು ನಿಜ. ಅಜ್ಜಿಯ ತಂಗಿಗೆ ಸಾಮಾನ್ಯವಾಗಿ ಯೀ ಪೋ ಅನ್ನುತ್ತಾರೆ. ಚೀನಿ ಹೆಂಗಸರು ಮದುವೆಯಾದ ಮೇಲೂ ತವರಿನ ಮನೆತನದ ಹೆಸರನ್ನು ಬಿಡುವುದಿಲ್ಲ. ಇಬ್ಬರ ಮನೆತನದ ಅಕ್ಷರ ಒಂದೇನಾ ನೋಡಿ. ಈ ಸಲವೂ ಅಕ್ಷರವನ್ನೇ ನೋಡಿ.

ಮೈಸೂರು ಟು ಕೆಎಲ್
ಪೋಪೋ ಚಾನ್. ಸೈ ಪೋ ಲ್ಯೊಂಗ್. ಅಕ್ಷರ ಪೂರ್ತಿ ಬೇರೆ.

ಸಿಂಗಪುರ ಸೀನ
ಓಹೋ.

ಗುವಾಂಗ್‌ಝೌ ರಾಯರು
ಒಂದೇ ತಂದೆಯ ಮಕ್ಕಳಾಗಿದ್ದರೆ ಹೆಸರು ಒಂದೇ ಇರಬೇಕಿತ್ತು. ದತ್ತು ಹೋಗಿದ್ದರೆ ಬೇರೆ. ಇನ್ನೊಂದು ಸಾಧ್ಯತೆ ಇದೆ, ನೀವೂ ಊಹಿಸಿರುತ್ತೀರಿ. ಆ ಕಾಲದ ಮಲಯಾದಲ್ಲಿ ಚೀನಿ ಗಂಡಸರಿಗೆ ಎರಡನೇ ಹೆಂಡತಿ ಇರುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಅದು ನಿಂತದ್ದು 1982ರಲ್ಲಿ ಹೊಸ ಮದುವೆ ಕಾಯ್ದೆ ಜಾರಿಗೆ ಬಂದ ಮೇಲೆ. ಆದರೆ ಹಾಳೆ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಅತ್ತೆಯನ್ನೇ ಕೇಳಬೇಕು, ಅದೂ ನಿಧಾನವಾಗಿ.

ಮೈಸೂರು ಟು ಕೆಎಲ್
ಕೇಳಿದೆ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. "ಸೈ ಪೋ ನನಗೆ ಜಡೆ ಹಾಕುತ್ತಿದ್ದಳು" ಅಂದರು. ತಾತನಿಗೆ ಏನಾಗಬೇಕು ಅಂದೆ. "ಹೆಸರು ಬರೆ, ಪಕ್ಕದಲ್ಲಿ ಏನೂ ಬರೆಯಬೇಡ" ಅಂದು ಸೊಪ್ಪಿನ ಬುಟ್ಟಿ ತೆಗೆದುಕೊಂಡು ನಲ್ಲಿ ಹತ್ತಿರ ಹೋದರು.

ಸಂಬಂಧ ಬರೆಯದೆ ಇರಬಹುದು. ಆದರೆ ಹೆಸರಿಗೆ ಒಂದು ಗೆರೆ ಬೇಕಲ್ಲ, ಎಲ್ಲಿಂದ ಎಳೆಯಲಿ?

ವನಜಾ ಟೀಚರ್
ತಾತನ ಹೆಸರಿಗೇ ಎಳೆಯಿರಿ. ಇದ್ದವರನ್ನು ಇಲ್ಲ ಅನ್ನುವುದು ಯಾಕೆ?

ಧಾರವಾಡ ಕಾಕಾ
ಬ್ಯಾಡ. ಹಿರ್ಯಾರು ಬ್ಯಾಡ ಅಂದಮ್ಯಾಲ ಬ್ಯಾಡ. ಪೋಪೋ ಬಾಜೂಕ ಹೆಸರು ಬರದು ಬಿಡ್ರಿ, ಗೆರಿ ಇಲ್ಲದ.

ಪದಹುಳ
ಚುಕ್ಕಿಗೆರೆ ಹಾಕಿ.

ಕುಡ್ಲದ ಬಂಗುಡೆ
ಚುಕ್ಕಿಗೆರೆ ಹಾಕಿದರೆ ಬಂದವರೆಲ್ಲ ಮೊದಲು ಅದನ್ನೇ ಕೇಳ್ತಾರೆ.

ಮೈಸೂರು ಟು ಕೆಎಲ್
ಪ್ರಿಂಟಿನವನಿಗೆ ಸೋಮವಾರದವರೆಗೆ ಟೈಮ್ ಕೇಳಿದ್ದೇನೆ. ಅತ್ತೆ ಈಗ ತಾವೇ ಬಂದು ಹಾಳೆ ನೋಡುತ್ತಾ ಕೂತಿದ್ದಾರೆ, ಕೈಯಲ್ಲಿ ಪೆನ್ಸಿಲ್ ಇದೆ. ನಾನೇನೂ ಕೇಳುತ್ತಿಲ್ಲ.